38 ಪರ್ಸೆಂಟ್ ಇದ್ದರೂ ಫೋನ್ ಬಂದ್: ಬ್ಯಾಡಗಿಯಿಂದ ಬಂದ ಒಂದು ಕೇಸು

ಫೋನ್ ಇದ್ದಕ್ಕಿದ್ದಂತೆ ಬಂದ್ ಆಗುತ್ತದೆ ಎಂದು ಹಾವೇರಿಯ ನನ್ನ ಅಂಗಡಿಗೆ ಯಾರೇ ಬಂದರೂ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ. ಬಂದ್ ಆದ ಮೇಲೆ ಚಾರ್ಜರ್ ಹಚ್ಚದೆ, ಹತ್ತು ನಿಮಿಷ ಸುಮ್ನೆ ಬಿಟ್ಟು ಆನ್ ಮಾಡಿದರೆ ಏನಾಗುತ್ತದೆ? ಬಹಳ ಜನ ತಕ್ಷಣ ಚಾರ್ಜರ್ ಹಚ್ಚಿಬಿಡುತ್ತಾರೆ, ಹಾಗಾಗಿ ಅವರಿಗೆ ಉತ್ತರ ಗೊತ್ತಿರುವುದಿಲ್ಲ. ಆದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಚಾರ್ಜರ್ ಇಲ್ಲದೆ ಫೋನ್ ಮತ್ತೆ ಆನ್ ಆಗಿ ಮೂವತ್ತು ಚಿಲ್ಲರೆ ಪರ್ಸೆಂಟ್ ತೋರಿಸಿದರೆ ಚಾರ್ಜ್ ನಿಜವಾಗಿ ಒಳಗಿತ್ತು, ಬೇಕಾದ ಹೊತ್ತಿಗೆ ಹೊರಗೆ ಬರಲಿಲ್ಲ ಎಂದರ್ಥ. ಆನ್ ಆಗದೆ ಹೋದರೆ, ಅಥವಾ 1-2 ಪರ್ಸೆಂಟ್ ತೋರಿಸಿದರೆ, ಬ್ಯಾಟರಿ ಖಾಲಿಯೇ ಆಗಿತ್ತು, ಪರದೆಯ ಮೇಲಿನ ಅಂಕಿ ಸುಳ್ಳು. ಮೊದಲನೆಯದು ಬ್ಯಾಟರಿಯೊಳಗಿನ ಸೆಲ್ ಮುದಿಯಾದ ಲಕ್ಷಣ, ಎರಡನೆಯದು ಫೋನಿನ ಪರ್ಸೆಂಟ್ ಲೆಕ್ಕ ತಪ್ಪಿದ ಲಕ್ಷಣ. ಹಳೇ ಫೋನುಗಳಲ್ಲಿ ಎರಡೂ ಒಟ್ಟಿಗೆ ಇರುವುದೂ ಉಂಟು.

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುವ ಹಿರಿಯರೊಬ್ಬರ ಫೋನ್ ಹೀಗೇ ಬಂತು. ನಾಲ್ಕು ವರ್ಷ ಹಳೆಯದು, 4000 ಎಂಎಎಚ್ ಬ್ಯಾಟರಿ. "ತಮ್ಮಾ, ಮಾಲಿನ ಫೋಟೋ ತಗೀಲಿಕ್ಕೆ ಹೋದ್ರ ಸಾಕು, ಬಂದ್ ಆಗ್ತೈತಿ. ನಲವತ್ತು ಪರ್ಸೆಂಟ್ ಇರ್ತೈತಿ ನೋಡು" ಎಂದರು. ಯಾವ ಹೊತ್ತಿಗೆ ಜಾಸ್ತಿ, ಕಾಕಾ, ಎಂದು ಕೇಳಿದೆ. ಚಳಿಗಾಲದ ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕಡಿಮೆ ಎಂದರು. ಫೋಟೋ, ತಣ್ಣನೆಯ ಬೆಳಿಗ್ಗೆ. ಈ ಎರಡು ಕೇಳಿದ ಮೇಲೆ ನನ್ನ ಅನುಮಾನ ಸೆಲ್ ಮೇಲೇ ಹೋಯಿತು.

ಕಾರಣ ಇಷ್ಟೇ. ಸೆಲ್ಲಿಗೆ ಒಳಗಿನದೇ ಒಂದು ತಡೆ ಇರುತ್ತದೆ. ಚಾರ್ಜ್ ಆಗಿ ಇಳಿದು, ಬಿಸಿ ತಿಂದು ವರ್ಷ ಕಳೆದಂತೆ ಒಳಗಿನ ಗ್ರಾಫೈಟ್ ಮೇಲೆ ಒಂದು ಪದರ ಬೆಳೆಯುತ್ತಾ ಹೋಗುತ್ತದೆ, ತಡೆ ಹೆಚ್ಚುತ್ತದೆ. ಚಳಿಗೆ ಇನ್ನೂ ಹೆಚ್ಚುತ್ತದೆ. ಕೆರೆಯಲ್ಲಿ ನೀರಿದ್ದರೂ ತೂಬಿನಲ್ಲಿ ಹೂಳು ತುಂಬಿದರೆ ಗದ್ದೆಗೆ ಬೇಕಾದಷ್ಟು ಹರಿಯುವುದಿಲ್ಲ, ಹಾಗೆ. ಮೆಸೇಜ್ ಓದುವಾಗ ಫೋನಿಗೆ ಕರೆಂಟ್ ಕಡಿಮೆ ಸಾಕು, ಏನೂ ಗೊತ್ತಾಗುವುದಿಲ್ಲ. ಕ್ಯಾಮೆರಾ, ಫ್ಲ್ಯಾಶ್, ಪ್ರೊಸೆಸರ್ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಫೋನ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಎಳೆತ ನಿಂತ ತಕ್ಷಣ ವೋಲ್ಟೇಜ್ ಮತ್ತೆ ಏರುತ್ತದೆ. ಅದಕ್ಕೇ ಚಾರ್ಜರ್ ಇಲ್ಲದೆಯೂ ಮತ್ತೆ ಆನ್ ಆಗುವುದು.

ಅನುಮಾನ ಸಾಲದು, ಅಳೆಯಬೇಕು. ಆಂಡ್ರಾಯ್ಡ್ ಫೋನಾದರೆ adb ಎಂಬ ಟೂಲ್ ಹಾಕಿದ ಲ್ಯಾಪ್‌ಟಾಪಿನಿಂದ ಒಂದು ಕಮಾಂಡ್ ಸಾಕು:

```
adb shell dumpsys battery
```

ಇದರಲ್ಲಿ `level` ಎಂದರೆ ಪರ್ಸೆಂಟ್. `voltage` ಮಿಲಿವೋಲ್ಟಿನಲ್ಲಿ ಇರುತ್ತದೆ. `temperature` 285 ಎಂದಿದ್ದರೆ 28.5 ಡಿಗ್ರಿ ಎಂದು ಓದಿಕೊಳ್ಳಬೇಕು. ಒಂದು ಎಚ್ಚರ: ಯುಎಸ್‌ಬಿ ಕೇಬಲ್ ಹಚ್ಚಿ ಈ ಪರೀಕ್ಷೆ ಮಾಡಬೇಡಿ. ಕೇಬಲ್ಲಿನಿಂದ ಫೋನ್ ಚಾರ್ಜ್ ಆಗುತ್ತಿರುತ್ತದೆ, ವೋಲ್ಟೇಜ್ ಎತ್ತರ ತೋರಿಸುತ್ತದೆ, ರೋಗ ಮುಚ್ಚಿಹೋಗುತ್ತದೆ. ಆಂಡ್ರಾಯ್ಡ್ 11ರಿಂದ ಈಚೆಗಿನ ಫೋನಾದರೆ `Developer options` ಒಳಗೆ `Wireless debugging` ಇದೆ, ನಾನು ಅದನ್ನೇ ಬಳಸುತ್ತೇನೆ. ಲ್ಯಾಪ್‌ಟಾಪ್ ಇಲ್ಲದವರಿಗೆ ವೋಲ್ಟೇಜ್ ತೋರಿಸುವ ಆ್ಯಪ್ ಕೂಡ ನಡೆಯುತ್ತದೆ.

ಕಾಕಾ ಅವರ ಫೋನನ್ನು 38 ಪರ್ಸೆಂಟಿಗೆ ತಂದು ಸುಮ್ನೆ ಇಟ್ಟಾಗ ವೋಲ್ಟೇಜ್ 3720 ಬಂತು. ಪರದೆ ಪೂರ್ತಿ ಬೆಳಕು, ಲೈಟ್ ಹಚ್ಚಿ ವಿಡಿಯೋ ರೆಕಾರ್ಡ್ ಶುರು ಮಾಡಿದೆ. 3360ಕ್ಕೆ ಇಳಿಯಿತು. ವಿಡಿಯೋ ನಿಲ್ಲಿಸಿದ ಮೇಲೆ ಮತ್ತೆ 3700ರ ಆಸುಪಾಸಿಗೆ ಬಂತು. ಅಂದರೆ 0.36 ವೋಲ್ಟ್ ಕುಸಿತ. ಈ ಕಮಾಂಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುವ ಅಂಕಿ ಕೊಡುತ್ತದೆ ಅಷ್ಟೇ. ಫ್ಲ್ಯಾಶ್ ಹೊಡೆಯುವ ಕ್ಷಣದ ಕುಸಿತ ಇದರಲ್ಲಿ ಕಾಣುವುದಿಲ್ಲ, ಅದು ಇನ್ನೂ ಆಳ ಇರುತ್ತದೆ. ಫೋನನ್ನು ಆಫ್ ಮಾಡಿದ್ದು ಆ ಕಾಣದ ಕುಸಿತ.

ಆಮೇಲೆ ಉಲ್ಟಾ ಪರೀಕ್ಷೆ ಮಾಡಿದೆ. ಏರೋಪ್ಲೇನ್ ಮೋಡ್ ಹಾಕಿ, ಬೆಳಕು ತಗ್ಗಿಸಿ, ಮೊದಲೇ ಇಳಿಸಿಟ್ಟ ವಿಡಿಯೋ ಓಡಿಸಿ ಬಿಟ್ಟೆ. ಅದೇ ಫೋನ್ 38 ದಾಟಿ, 30 ದಾಟಿ, ಹದಿನೈದರ ತನಕ ಆರಾಮಾಗಿ ಹೋಯಿತು. ಚಾರ್ಜ್ ಒಳಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆದರೆ ಹದಿನೈದರಿಂದ ಒಂದಕ್ಕೆ ಕೆಲವೇ ನಿಮಿಷಗಳಲ್ಲಿ ಬಿತ್ತು. ಇದು ಎರಡನೇ ರೋಗ. ಫೋನ್ ಒಳಗೆ ಹೋಗುವ, ಹೊರಗೆ ಬರುವ ಕರೆಂಟನ್ನು ಕೂಡಿಸಿ ಕಳೆದು ಪರ್ಸೆಂಟ್ ಹೇಳುತ್ತದೆ. ಸೆಲ್ಲಿನ ಸಾಮರ್ಥ್ಯ ಕುಗ್ಗಿದ್ದು ಅದಕ್ಕೆ ಗೊತ್ತಾಗಬೇಕಾದರೆ ಆಗಾಗ ಪೂರ್ತಿ ತುಂಬಿ, ತಳದ ತನಕ ಇಳಿಯಬೇಕು. ಕಾಕಾ ಅಂಗಡಿಯಲ್ಲಿ ಕೂತಷ್ಟು ಹೊತ್ತೂ ಚಾರ್ಜರ್ ಹಚ್ಚಿಯೇ ಇಡುತ್ತಿದ್ದರು. ತಳ ಎಲ್ಲಿದೆ ಎಂದು ತಿಳಿಯಲು ಆ ಫೋನಿಗೆ ಅವಕಾಶವೇ ಸಿಕ್ಕಿರಲಿಲ್ಲ.

"ಕ್ಯಾಲಿಬ್ರೇಷನ್ ಆ್ಯಪ್ ಹಾಕಿದ್ರ ಸರಿ ಆಗ್ತೈತಂತ?" ಎಂದು ಅವರ ಮಗ ಕೇಳಿದ. ಆಗುವುದಿಲ್ಲ. ಅಂಥ ಆ್ಯಪ್‌ಗಳಲ್ಲಿ ಕೆಲವು `batterystats.bin` ಎಂಬ ಫೈಲ್ ಅಳಿಸುತ್ತವೆ. ಅದರಲ್ಲಿರುವುದು ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂದಿತು ಎಂಬ ಲೆಕ್ಕ, ಪರ್ಸೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಪೂರ್ತಿ ತುಂಬಿಸಿ ಪೂರ್ತಿ ಇಳಿಸಿದರೆ ಅಂಕಿ ಸರಿಯಾಗಬಹುದು, ಆದರೆ ಸೆಲ್ಲಿನ ತಡೆ ಇಳಿಯುವುದಿಲ್ಲ. ಬ್ಯಾಟರಿ ಬದಲಿಸಲೇಬೇಕು ಎಂದೆ.

ಬಿಚ್ಚುವ ಮೊದಲು ಚಾರ್ಜನ್ನು 20ಕ್ಕಿಂತ ಕೆಳಗೆ ಇಳಿಸಿಕೊಂಡೆ. ಅಕಸ್ಮಾತ್ ಸೆಲ್ಲಿಗೆ ಪೆಟ್ಟಾದರೆ ಬೆಂಕಿಯ ಜೋರು ಕಡಿಮೆ ಇರಲಿ ಎಂದು. ಹಿಂದಿನ ಕವರ್ ತೆಗೆದು ಮೊದಲು ನೋಡಿದ್ದು ಬ್ಯಾಟರಿ ಕನೆಕ್ಟರ್. ಅದು ಸಡಿಲವಾಗಿದ್ದರೂ, ಕಿಲುಬು ಹಿಡಿದಿದ್ದರೂ ಇದೇ ತೊಂದರೆ ಬರುತ್ತದೆ, ಆಗ ಸೆಲ್ಲನ್ನು ಸುಮ್ನೆ ಬೈದಂತಾಗುತ್ತದೆ. ಇಲ್ಲಿ ಕನೆಕ್ಟರ್ ಚೊಕ್ಕಟ ಇತ್ತು. ಸೆಲ್ ಮಾತ್ರ ನಡುವೆ ಸ್ವಲ್ಪ ಉಬ್ಬಿತ್ತು. ಉಬ್ಬಿದ ಸೆಲ್ಲನ್ನು ಒತ್ತಿ ಕೂರಿಸುವುದು, ಲೋಹದ ಪಟ್ಟಿಯಿಂದ ಎಬ್ಬಿಸುವುದು ಎರಡೂ ಅಪಾಯ. ಅಂಟಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಕೆಲವು ಹನಿ ಬಿಟ್ಟು, ಪ್ಲಾಸ್ಟಿಕ್ ಕಾರ್ಡಿನಿಂದ ನಿಧಾನ ಎಬ್ಬಿಸಿದೆ.

ಹೊಸ ಬ್ಯಾಟರಿ ಕೂರಿಸಿ 100 ಮಾಡಿ, ಒಂದು ತಾಸು ಚಾರ್ಜರ್‌ನಲ್ಲೇ ಬಿಟ್ಟು, ತಾನಾಗಿ ಆಫ್ ಆಗುವ ತನಕ ಬಳಸಿ ಮತ್ತೆ ಪೂರ್ತಿ ತುಂಬಿಸಲು ಹೇಳಿ ಕೊಟ್ಟೆ. ಇದು ಒಮ್ಮೆ ಮಾಡಿದರೆ ಸಾಕು, ದಿನಾ ಬೇಡ. ಕೊಡುವ ಮೊದಲು ಅದೇ 38ರ ಸುತ್ತ ಅದೇ ವಿಡಿಯೋ ಪರೀಕ್ಷೆ ಮಾಡಿದ್ದೆ. ಕುಸಿತ 0.1 ವೋಲ್ಟ್ ಮಾತ್ರ.

ಹೊಸ ಬ್ಯಾಟರಿ ಹಾಕಿದ ಮೇಲೂ ಕುಸಿತ ಹಳೆಯದರಷ್ಟೇ ಬಂದರೆ ಆ ಬ್ಯಾಟರಿಯನ್ನು ಅಂಗಡಿಗೆ ವಾಪಸ್ ಕೊಡಿ. ವರ್ಷಗಟ್ಟಲೆ ಗೋಡೌನಿನಲ್ಲಿ ಬಿದ್ದ ಮಾಲು ಹೊಸ ಪ್ಯಾಕಿನಲ್ಲೇ ಮುದಿಯಾಗಿರುತ್ತದೆ. ಕೂರಿಸುವ ಮೊದಲು ಮೀಟರ್ ಹಿಡಿದು ನೋಡಿದಾಗ 3 ವೋಲ್ಟಿಗಿಂತ ಕೆಳಗಿದ್ದರೆ ನಾನು ಅದನ್ನು ಹಾಕುವುದೇ ಇಲ್ಲ.