ಆನ್‌ಲೈನ್ ಮಾರಾಟ ಶುರುವಾದ ಮೇಲೆ ಡೀಲರ್‌ಗಳ ಜೊತೆ: ನನ್ನ ಅನುಭವ

ನಾನು ನೀರಿನ ಪಂಪ್ ತಯಾರಿಸುವ ಕಂಪನಿಯೊಂದರ ಮಾರಾಟ ವಿಭಾಗ ನೋಡಿಕೊಳ್ಳುತ್ತೇನೆ. ನಾವು ನಮ್ಮದೇ ವೆಬ್‌ಸೈಟಿನಲ್ಲಿ ಮಾರಲು ಶುರು ಮಾಡಿದಾಗ ಡೀಲರ್‌ಗಳು ಸಿಟ್ಟಾದರು. ಅದು ಗೊತ್ತಿದ್ದದ್ದೇ. ಆದರೆ ಜಗಳ ವೆಬ್‌ಸೈಟಿನ ಬಗ್ಗೆ ಇರಲಿಲ್ಲ. "ಗಿರಾಕಿಗೆ ಅರ್ಧ ಗಂಟೆ ಕೂತು ಯಾವ ಪಂಪ್ ಬೇಕು ಅಂತ ಹೇಳೋದು ನಾನು. ಅವನು ಮೊಬೈಲ್ ತೆಗೆದು ರೇಟ್ ತೋರಿಸಿ ಎದ್ದು ಹೋಗ್ತಾನೆ. ಆ ರೇಟಿಗೆ ಮಾರಿದ್ರೆ ನನಗೇನೂ ಉಳಿಯಲ್ಲ ಸಾರ್," ಅಂದರು ಒಬ್ಬರು.

ನಮ್ಮ ವೆಬ್‌ಸೈಟಿನಲ್ಲಿ ಅಷ್ಟು ಕಡಿಮೆ ರೇಟ್ ಇರಲೇ ಇಲ್ಲ. ಅದು ಬೇರೆ ಆನ್‌ಲೈನ್ ತಾಣದಲ್ಲಿ, ನಮಗೆ ಗೊತ್ತೇ ಇಲ್ಲದ ಮಾರಾಟಗಾರನದ್ದು. ಅವನಿಗೆ ಮಾಲು ಎಲ್ಲಿಂದ ಬಂತು? ನಾವೇ ಗಿರಾಕಿಯಂತೆ ಅಲ್ಲಿಂದ ಪಂಪ್ ತರಿಸಿದೆವು. ಪಂಪಿನ ಮೇಲಿನ ಸೀರಿಯಲ್ ನಂಬರನ್ನು ನಮ್ಮ ರವಾನೆಯ ಲೆಕ್ಕಕ್ಕೆ ಹೋಲಿಸಿದೆವು. ಗೋದಾಮಿನಿಂದ ಹೊರಡುವಾಗಲೇ ಪ್ರತಿ ಪೆಟ್ಟಿಗೆಯನ್ನೂ ಸ್ಕ್ಯಾನ್ ಮಾಡಿ ಬಿಲ್ಲಿಗೆ ಜೋಡಿಸುವ ಪದ್ಧತಿ ಇದ್ದರೆ ಮಾತ್ರ ಇದು ಸಾಧ್ಯ. ಮಾಲು ಹೋಗಿದ್ದದ್ದು ನಮ್ಮದೇ ಒಬ್ಬ ದೊಡ್ಡ ಡೀಲರ್‌ಗೆ.

ಅವರು ಹೀಗೆ ಮಾಡಿದ್ದಕ್ಕೆ ಕಾರಣ ನಮ್ಮ ಸ್ಕೀಮ್. ಅಂಗಡಿಯಲ್ಲಿ ಗಿರಾಕಿಗೆ ಪಂಪ್ 90ಕ್ಕೆ ಸಿಗುತ್ತದೆ ಎಂದುಕೊಳ್ಳಿ. ಡೀಲರ್‌ಗೆ ನಮ್ಮ ಬಿಲ್ 80. ಮೂರು ತಿಂಗಳ ಟಾರ್ಗೆಟ್ ಮುಟ್ಟಿದವರಿಗೆ ಪಂಪಿಗೆ 5ರಂತೆ ವಾಪಸ್ ಬರುತ್ತದೆ, ಅಂದರೆ ಅವರಿಗೆ ಬೀಳುವುದು 75. ಟಾರ್ಗೆಟ್‌ಗೆ ಸ್ವಲ್ಪ ಕಮ್ಮಿ ಬಿದ್ದಾಗ ಅವರು ಬೇಕಿಲ್ಲದಿದ್ದರೂ ಮಾಲು ಎತ್ತುತ್ತಾರೆ, ಉಳಿದದ್ದನ್ನು 77ಕ್ಕೆ ಆನ್‌ಲೈನ್ ಮಾರಾಟಗಾರನಿಗೆ ದಾಟಿಸುತ್ತಾರೆ. ಅವನು 84ಕ್ಕೆ ಹಾಕುತ್ತಾನೆ. ತಾಣದ ಕಮಿಷನ್ ಕೊಟ್ಟರೂ ಅವನಿಗೆ ಒಂದೆರಡು ಉಳಿಯುತ್ತದೆ. ಟಾರ್ಗೆಟ್ ಮುಟ್ಟದ ಚಿಕ್ಕ ಡೀಲರ್ 80ಕ್ಕೆ ಕೊಂಡು, ಬಾಡಿಗೆ, ಹುಡುಗರ ಸಂಬಳ ಕೊಟ್ಟು 84ಕ್ಕೆ ಹೇಗೆ ಮಾರುತ್ತಾರೆ?

"ಇಷ್ಟಕ್ಕಿಂತ ಕಡಿಮೆಗೆ ಮಾರಬೇಡಿ" ಎಂದು ಸುತ್ತೋಲೆ ಹೊರಡಿಸೋಣ ಅಂತ ನಮ್ಮಲ್ಲೇ ಕೆಲವರು ಹೇಳಿದರು. ನಾನು ಬೇಡ ಅಂದೆ. ಮರುಮಾರಾಟದ ಬೆಲೆ ಕಟ್ಟಿಹಾಕುವುದು ಅನೇಕ ದೇಶಗಳಲ್ಲಿ ಸ್ಪರ್ಧಾ ಕಾನೂನಿನ ತೊಡಕಿಗೆ ಸಿಕ್ಕಿಸುತ್ತದೆ. ಆದರೆ ಸ್ಕೀಮ್ ನಮ್ಮ ಕೈಯಲ್ಲೇ ಇತ್ತಲ್ವಾ? ಎತ್ತಿದ ಮಾಲಿಗೆ ಕೊಡುತ್ತಿದ್ದ ಹಣವನ್ನು, ಗಿರಾಕಿಯ ಹೆಸರಲ್ಲಿ ವಾರಂಟಿ ನೋಂದಣಿ ಆದ ಪಂಪಿಗೆ ಮಾತ್ರ ಕೊಡಲು ಶುರು ಮಾಡಿದೆವು. ಮೂರು ತಿಂಗಳ ಕೊನೆಯ ವಾರದಲ್ಲಿ ಆರ್ಡರ್ ಉಬ್ಬುವುದು ನಿಂತಿತು. ಒಟ್ಟು ರವಾನೆ ಕೆಲಕಾಲ ಇಳಿಯಿತು. ಇದನ್ನು ಮಾಲೀಕರಿಗೆ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಮಧ್ಯದಲ್ಲೇ ಹಳೆ ಸ್ಕೀಮ್ ವಾಪಸ್ ಬರುತ್ತದೆ.

ಇನ್ನು ನಮ್ಮ ವೆಬ್‌ಸೈಟಿನ ವಿಷಯ. ಅಲ್ಲಿ ರೇಟ್ 90, ಅಂಗಡಿಯಷ್ಟೇ. ಆರ್ಡರ್ ಬಂದರೆ ಪಿನ್‌ಕೋಡ್ ನೋಡಿ ಹತ್ತಿರದ ಡೀಲರ್‌ಗೆ ಹೋಗುತ್ತದೆ. ಅವರು ತಮ್ಮ ಸ್ಟಾಕಿನಿಂದ ತಲುಪಿಸಿ ಕೂರಿಸಿಕೊಟ್ಟರೆ 10ರ ಲಾಭದಲ್ಲಿ 7 ಅವರಿಗೆ. ಉಳಿದ 3 ಜಾಹೀರಾತು, ಹಣ ಪಾವತಿಯ ಖರ್ಚಿಗೆ. ಸ್ಟಾಕ್ ಇಲ್ಲದಿದ್ದರೆ ನಾವೇ ಕಳಿಸುತ್ತೇವೆ, ಕೂರಿಸಿದ್ದಕ್ಕೆ ಅವರಿಗೆ 4. ಈ 3ರ ಬಗ್ಗೆ ಚೌಕಾಸಿ ಜಾಸ್ತಿ ಆಗಲಿಲ್ಲ. ಅನುಮಾನ ಇದ್ದದ್ದು ಬೇರೆ ಕಡೆ: "ನನ್ನ ಏರಿಯಾದ ಎಲ್ಲಾ ಆರ್ಡರ್ ನನಗೆ ತೋರಿಸ್ತೀರಾ?" ಅದಕ್ಕೆ ಪ್ರತಿ ಡೀಲರ್ ತನ್ನ ಪಿನ್‌ಕೋಡಿನ ಪೂರ್ತಿ ಪಟ್ಟಿಯನ್ನು, ತಿರಸ್ಕರಿಸಿದ್ದನ್ನೂ ಸೇರಿಸಿ, ನೋಡುವಂತೆ ಮಾಡಿದೆವು. ಅವರ ಪಾಲಿನ ಕ್ರೆಡಿಟ್ ನೋಟ್ ಪ್ರತಿ ತಿಂಗಳು ಗೊತ್ತುಪಡಿಸಿದ ದಿನ. ಅದು ಒಮ್ಮೆ ತಡವಾದರೂ ಫೋನ್ ಮೇಲೆ ಫೋನ್.

ಕಳ್ಳಾಟವೂ ಇತ್ತು. ಕೆಲವು ಡೀಲರ್‌ಗಳು ಗಿರಾಕಿಗೆ ಫೋನ್ ಮಾಡಿ ಆರ್ಡರ್ ರದ್ದು ಮಾಡಿಸಿ, ನೇರವಾಗಿ ಮಾರುತ್ತಿದ್ದರು. ಒಂದು ಏರಿಯಾದಲ್ಲಿ ರದ್ದಾಗುವುದು ಬೇರೆ ಕಡೆಗಿಂತ ಎದ್ದು ಕಂಡರೆ ಸುಳಿವು ಅದೇ. ರದ್ದಾದ ಆರ್ಡರಿನ ಫೋನ್ ನಂಬರಿನಲ್ಲೇ ಕೆಲವೇ ದಿನಗಳಲ್ಲಿ ವಾರಂಟಿ ನೋಂದಣಿ ಆಗಿರುತ್ತದೆ. ನಮ್ಮ ಪಂಪನ್ನೇ ಮಾರಿದ್ದರೆ ನಾನು ಸುಮ್ನಿರುತ್ತೇನೆ, ಅವರಿಗೆ 3 ಉಳಿಯಲಿ ಬಿಡಿ. ನಮ್ಮ ಗಿರಾಕಿಗೆ ಬೇರೆ ಕಂಪನಿಯ ಪಂಪ್ ಕೊಟ್ಟದ್ದು ಗೊತ್ತಾದರೆ ಮಾತ್ರ ಆ ಪಿನ್‌ಕೋಡ್ ಪಕ್ಕದ ಡೀಲರ್‌ಗೆ ಹೋಗುತ್ತದೆ.

ಕೂರಿಸುವ ಕೆಲಸವೇ ಇಲ್ಲದ ಚಿಕ್ಕ ಪಂಪ್‌ಗಳಿಗೆ ಈ ಲೆಕ್ಕ ಹೊಂದಲಿಲ್ಲ. ಡೀಲರ್ ಮಾಡುವುದು ಏನೂ ಇಲ್ಲದ ಕಡೆ ಪಾಲು ಕೊಟ್ಟರೆ ನಮಗೆ ನಷ್ಟ. ಅವನ್ನು ನೇರವಾಗಿಯೇ ಮಾರುತ್ತೇವೆ ಎಂದು ಮೊದಲೇ ಹೇಳಿದೆವು, ಅಂಗಡಿಗಳಲ್ಲಿ ಉಳಿದಿದ್ದ ಸ್ಟಾಕನ್ನು ಬಿಲ್ ರೇಟಿಗೇ ವಾಪಸ್ ತೆಗೆದುಕೊಂಡೆವು. ಕೆಲವರ ಮುನಿಸು ಇನ್ನೂ ಹೋಗಿಲ್ಲ.