ಒಂದೇ ಉಪ್ಪಿನ ಡಬ್ಬಿ, ಇಬ್ಬರ ಬಿಪಿ

ಎರಡು ವರ್ಷದ ಹಿಂದೆ ನನ್ನ ಬಿಪಿ 148/94 ಇತ್ತು. ಡಾಕ್ಟರು ನನ್ನ ಕಿಡ್ನಿ ಟೆಸ್ಟ್ ನೋಡಿ, ಉಪ್ಪು ಕಮ್ಮಿ ಮಾಡಿ, ಸೊಪ್ಪು, ಹಣ್ಣು, ಕಾಳು ಜಾಸ್ತಿ ತಿನ್ನಿ ಎಂದರು. ಅವುಗಳಲ್ಲಿರುವ ಪೊಟ್ಯಾಷಿಯಂನಿಂದ ಕಿಡ್ನಿ ಹೆಚ್ಚು ಸೋಡಿಯಂ ಹೊರಗೆ ಹಾಕುತ್ತದೆ, ರಕ್ತನಾಳವೂ ಸ್ವಲ್ಪ ಸಡಿಲವಾಗುತ್ತದೆ. ದಿನಾ ಬಾಳೆಹಣ್ಣು, ವಾರಕ್ಕೆ ಮೂರು ಸಲ ಬಸ್ಸಾರು, ಸಂಜೆ ಎಳನೀರು ಶುರು ಮಾಡಿದೆ. ಅಷ್ಟಕ್ಕೇ ಸುಮ್ನಿರಬಹುದಿತ್ತು. ಅಂಗಡಿಯಿಂದ ಲೋ ಸೋಡಿಯಂ ಉಪ್ಪು ತಂದು ಅಡುಗೆಮನೆ ಡಬ್ಬಿಗೆ ಸುರಿದೆ. ಮೂರು ತಿಂಗಳಿಗೆ 134/84ಕ್ಕೆ ಇಳಿಯಿತು.

ಆ ಡಬ್ಬಿಯ ಉಪ್ಪು ಅಪ್ಪನ ತಟ್ಟೆಗೂ ಹೋಗುತ್ತಿದೆ ಅನ್ನೋದು ಹೊಳೆಯಲೇ ಇಲ್ಲ. ಅಪ್ಪನಿಗೆ 68 ವರ್ಷ, ಹಳೇ ಶುಗರ್, ಕಿಡ್ನಿ ಸೋತು ಏರಿದ ಕ್ರಿಯಾಟಿನಿನ್ 2.1, ಬಿಪಿಗೆ ಟೆಲ್ಮಿಸಾರ್ಟನ್ ಮಾತ್ರೆ. "ಯಾಕೋ ಕಾಲು ಸೋತಂಗಾಗ್ತದೆ" ಎಂದಿದ್ದರು, ಅಷ್ಟೇ, ವಯಸ್ಸು ಅಂದುಕೊಂಡೆವು. ಮಾಮೂಲಿ ಪರೀಕ್ಷೆಯಲ್ಲಿ ಪೊಟ್ಯಾಷಿಯಂ 6.2 ಬಂತು. ಇರಬೇಕಾದ್ದು ಸುಮಾರು 3.5ರಿಂದ 5. ರಕ್ತ ತೆಗೆಯುವಾಗ ಕಣಗಳು ಒಡೆದರೂ ಸುಳ್ಳು ಜಾಸ್ತಿ ತೋರಿಸುತ್ತದಂತೆ, ಅದಕ್ಕೇ ತಕ್ಷಣ ಮತ್ತೆ ತೆಗೆದರು. 6.1. ಇಸಿಜಿಯಲ್ಲೂ ವ್ಯತ್ಯಾಸ ಕಂಡಿತು. ಪೊಟ್ಯಾಷಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು, ಎಷ್ಟೋ ಸಲ ಮುಂಚೆ ಯಾವ ಸೂಚನೆಯೂ ಇರುವುದಿಲ್ಲ. ಆ ರಾತ್ರಿ ಆಸ್ಪತ್ರೆಯಲ್ಲೇ ಕ್ಯಾಲ್ಸಿಯಂ, ಇನ್ಸುಲಿನ್, ಗ್ಲೂಕೋಸ್ ಕೊಟ್ಟರು.

ಬೆಳಿಗ್ಗೆ ಡಾಕ್ಟರು ಕೇಳಿದ್ದು ಒಂದೇ: "ಮನೇಲಿ ಯಾವ ಉಪ್ಪು ಬಳಸ್ತೀರಿ?" ಮನೆಗೆ ಬಂದು ಪ್ಯಾಕೆಟ್ ತಿರುಗಿಸಿದೆ. ಸಣ್ಣ ಅಕ್ಷರದಲ್ಲಿ ಪೊಟ್ಯಾಷಿಯಂ ಕ್ಲೋರೈಡ್. ಸೋಡಿಯಂ ಕಮ್ಮಿ ಮಾಡಿದ ಜಾಗಕ್ಕೆ ಅದನ್ನೇ ತುಂಬಿರುತ್ತಾರೆ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ಟೆಲ್ಮಿಸಾರ್ಟನ್ ತರದ ಮಾತ್ರೆಯೂ ಅದನ್ನು ಒಳಗೇ ಉಳಿಸುತ್ತದೆ, ಅದರ ಮೇಲೆ ನನ್ನ ಉಪ್ಪು. ಹಾಗಂತ ಮಾತ್ರೆ ನಾವೇ ನಿಲ್ಲಿಸಲಿಲ್ಲ, ಡೋಸ್ ಬದಲಾಯಿಸಿದ್ದು ಡಾಕ್ಟರೇ.

ಈಗ ಆ ಉಪ್ಪು ಮನೆಯಲ್ಲೇ ಇಲ್ಲ. ಇಬ್ಬರಿಗೂ ಮಾಮೂಲಿ ಉಪ್ಪೇ, ಆದರೆ ಕಮ್ಮಿ. ಎಳನೀರು ನನಗೆ ಮಾತ್ರ. ಬಸ್ಸಾರಿನ ದಿನ ಮಜಾ ಇದೆ. ಪೊಟ್ಯಾಷಿಯಂ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಸೊಪ್ಪು ಬೇಯಿಸಿ ಬಸಿದ ಕಟ್ಟಿಗೇ ಅದು ಸಾಕಷ್ಟು ಇಳಿದಿರುತ್ತದೆ. ಆ ಕಟ್ಟಿನ ಸಾರು ನನಗೆ, ಬಸಿದ ಸೊಪ್ಪಿನ ಪಲ್ಯ ಅಪ್ಪನಿಗೆ, ಅದೂ ಎರಡೇ ಚಮಚ, ಯಾಕೆಂದರೆ ಬಸಿದರೂ ಪೂರ್ತಿ ಹೋಗುವುದಿಲ್ಲ. ಆಲೂಗಡ್ಡೆಯನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲುತ್ತೇನೆ. ಕುಕ್ಕರಿನಲ್ಲಿ ಇಟ್ಟು ನೀರು ಅಲ್ಲೇ ಇಂಗಿಸಿದರೆ ಏನೂ ಉಪಯೋಗವಿಲ್ಲ.

ಕಿಡ್ನಿ ತೊಂದರೆ ಇರುವ ಎಲ್ಲರಿಗೂ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ನಮ್ಮ ಪಕ್ಕದ ಮನೆಯವರಿಗೆ ಕ್ರಿಯಾಟಿನಿನ್ ಜಾಸ್ತಿ ಇದ್ದರೂ ಪೊಟ್ಯಾಷಿಯಂ 4.3, ಅವರಿಗೆ ಹಣ್ಣು ಬಿಡಿ ಅಂತ ಯಾರೂ ಹೇಳಿಲ್ಲ. ಅಪ್ಪನದು ಹೋದ ತಿಂಗಳು 4.8 ಇತ್ತು. "ಸಾರೆಲ್ಲ ನಿಂಗೆ, ಹಿಂಡಿದ ಸೊಪ್ಪು ನಂಗಾ?" ಅಂತ ಇವತ್ತೂ ಗೊಣಗಿದರು.