ಲಿಂಕ್ಡ್‌ಇನ್ ಸುದ್ದಿಪತ್ರ: ಹೆಡ್‌ಲೈನ್‌ನಲ್ಲಿ ಹೆಸರು, ಫೀಚರ್ಡ್‌ನಲ್ಲಿ ಕೊಂಡಿ

ಲಿಂಕ್ಡ್‌ಇನ್‌ನಲ್ಲಿ ಸುದ್ದಿಪತ್ರ ಆರಂಭಿಸುವವರು ವಿಷಯವನ್ನು ಆದಷ್ಟು ಕಿರಿದಾಗಿಸಿ. ‘ಸರಕು ಸಾಗಣೆ’ ತೀರಾ ವಿಶಾಲ. ‘ಲಸಿಕೆಗಳ ಶೀತಲ ಸಾಗಣೆ’ ಎಂದರೆ ಯಾರಿಗಾಗಿ ಬರೆಯುತ್ತೀರಿ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ. ಮೊದಲ ಸಂಚಿಕೆ ಪ್ರಕಟವಾದಾಗ ನಿಮ್ಮ ಸಂಪರ್ಕದವರಿಗೂ ಅನುಯಾಯಿಗಳಿಗೂ ಚಂದಾದಾರರಾಗುವಂತೆ ಸೂಚನೆ ಹೋಗುತ್ತದೆ. ಅವರಲ್ಲಿ ಹಲವರು ಮೊದಲು ನಿಮ್ಮ ಪ್ರೊಫೈಲ್ ತೆರೆದು ನೋಡುತ್ತಾರೆ. ಆದ್ದರಿಂದ ಅಲ್ಲಿ ನಿಮ್ಮ ಹೆಸರಿನ ಕೆಳಗೆ ಕಾಣುವ ಹೆಡ್‌ಲೈನನ್ನು ಅದಕ್ಕೂ ಮುಂಚೆಯೇ ಬದಲಿಸಿ: ‘ಶೀತಲ ಸಾಗಣೆ ವ್ಯವಸ್ಥಾಪಕಿ | ಪಾಕ್ಷಿಕ ಸುದ್ದಿಪತ್ರ: ಲಸಿಕೆಗಳ ಶೀತಲ ಸಾಗಣೆ’. ಇದಕ್ಕಿರುವ ಮಿತಿ 220 ಅಕ್ಷರ. ಹುಡುಕಾಟದಲ್ಲಿ ಮೊದಲ ಕೆಲವೇ ಪದಗಳು ಕಾಣುವುದರಿಂದ ಹುದ್ದೆ ಮುಂದಿರಲಿ.

ಹೆಡ್‌ಲೈನ್‌ನಲ್ಲಿ ಕೊಂಡಿ ಹಾಕಿದರೂ ಅದು ಒತ್ತಿದರೆ ತೆರೆಯುವುದಿಲ್ಲ. ಹಾಗಾಗಿ ಪ್ರಕಟಿಸಿದ ಕೂಡಲೇ ಪ್ರೊಫೈಲ್‌ನ ಫೀಚರ್ಡ್ ವಿಭಾಗಕ್ಕೆ ಸುದ್ದಿಪತ್ರವನ್ನೇ ಸೇರಿಸಿ, ಮೊದಲ ಸ್ಥಾನಕ್ಕೆ ತನ್ನಿ. ಬಿಡಿ ಸಂಚಿಕೆಯೊಂದನ್ನೇ ಅಲ್ಲಿಟ್ಟರೆ ಅದು ಬೇಗ ಹಳತಾಗುತ್ತದೆ. ಎರಡೂ ಕಡೆ ಸುದ್ದಿಪತ್ರದ ಹೆಸರು ಅಕ್ಷರಶಃ ಒಂದೇ ಇರಲಿ.